ರೇಷ್ಮೆ ಸೀರೆ ಮೇಲೆ ಕುಂಕುಮ ಚೆಲ್ಲಿದೆ, ಸೀರೆ ಬಣ್ಣ ಹೋಗದ ಹಾಗೆ ತೆಗೆಯೋದು ಹೇಗೆ?

ವೀಣಾ_ಹಾಸನ
ಎಲ್ಲರಿಗೂ ನಮಸ್ಕಾರ. ನಿನ್ನೆ ಅಮ್ಮನನ್ನು ಹಾಸನಾಂಬೆ ದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ವರ್ಷಕ್ಕೊಮ್ಮೆ ಬಾಗಿಲು ತೆರೆಯೋದು, ನೂಕುನುಗ್ಗಲು ಹೇಗಿರುತ್ತೆ ಅಂತ ನಿಮಗೇ ಗೊತ್ತು. ಹೊರಗೆ ಬರುವಾಗ ಯಾರದೋ ಕೈಯಲ್ಲಿದ್ದ ಕುಂಕುಮದ ಪೊಟ್ಟಣ ಒಡೆದು ಅಮ್ಮನ ಸೀರೆ ನೆರಿಗೆ ಮೇಲೆ ಬಿತ್ತು. ಅಂಗೈ ಅಗಲದಷ್ಟು ಜಾಗ ಕೆಂಪಾಗಿದೆ. ಸೀರೆ ತಿಳಿ ಹಸಿರು ರೇಷ್ಮೆ, ಮರೂನ್ ಅಂಚು, ಸಣ್ಣ ಜರಿ. ಕೆನೆ ಬಣ್ಣದ ಕಾಟನ್ ರವಿಕೆಗೂ ಸ್ವಲ್ಪ ತಾಗಿದೆ. ಇದರ ಜೊತೆ ಅಕ್ಕನ ಮಗಳ ರೇಷ್ಮೆ ಲಂಗಕ್ಕೆ ಮೆಹಂದಿ ಮೆತ್ತಿದೆ, ಅದೂ ಮೊನ್ನೆಯಿಂದ ಹಾಗೇ ಇದೆ.

ಸೀರೆ, ರವಿಕೆ ಎರಡಕ್ಕೂ ಇನ್ನೂ ನೀರು ಮುಟ್ಟಿಸಿಲ್ಲ. ಅಮ್ಮನಿಗೆ ಆ ಸೀರೆ ಅಂದರೆ ಪ್ರಾಣ, ಅಪ್ಪ ಕೊಡಿಸಿದ್ದು. ಮೊದಲು ಏನು ಮಾಡಬೇಕು ಹೇಳಿ.

ಗೌರಮ್ಮ_ಬೇಲೂರು
ಅದಕ್ಕೆಲ್ಲ ಯಾಕಮ್ಮ ಅಷ್ಟು ಯೋಚನೆ. ನಿಂಬೆಹಣ್ಣು ಹಿಂಡಿ, ಮೇಲೆ ಒಂದು ಚಿಟಿಕೆ ಉಪ್ಪು ಹಾಕಿ, ಮೆಲ್ಲಗೆ ತಿಕ್ಕಿ ಬಿಸಿಲಿಗೆ ಹಾಕು. ಸಂಜೆ ಹೊತ್ತಿಗೆ ಹೋಗಿರುತ್ತೆ. ಮೆಹಂದಿಗೂ ಅದೇ. ನಮ್ಮ ಮನೆಯಲ್ಲಿ ಗೌರಿ ಹಬ್ಬಕ್ಕೆ ಕುಂಕುಮ ಅರಿಶಿನ ಬೀಳದ ಸೀರೆ ಇಲ್ಲ, ಎಲ್ಲದಕ್ಕೂ ಇದೇ ಮದ್ದು.

ಕಿರಣ್_ಮೂಡಿಗೆರೆ
ಬಿಳಿ ಬಟ್ಟೆಗಾದರೆ ಬ್ಲೀಚಿಂಗ್ ಪೌಡರ್ ಸಾಕು. ನನ್ನ ಬಿಳಿ ಪಂಚೆ ಮೇಲೆ ರಂಗೋಲಿ ಬಣ್ಣದ ಡಬ್ಬಿ ಪೂರ್ತಿ ಮಗುಚಿಕೊಂಡಿದೆ, ನೇರಳೆ ಮತ್ತು ಪಿಂಕ್. ನೀವು ಕೇಳಿದ್ದೂ ಅದೇ ತಾನೇ? ಬಕೆಟ್ ನೀರಿಗೆ ಎರಡು ಚಮಚ ಬ್ಲೀಚಿಂಗ್ ಹಾಕಿ ರಾತ್ರಿ ನೆನೆಸೋಣ ಅಂತಿದ್ದೀನಿ.

ಪ್ರಕಾಶ್_ಚಿಕ್ಕಮಗಳೂರು
ವೀಣಾ ಅವರೇ, ನೀರು ಮುಟ್ಟಿಸದೆ ಇರೋದು ತುಂಬಾ ಒಳ್ಳೆಯದಾಯ್ತು. ನನ್ನದು ಡ್ರೈ ಕ್ಲೀನಿಂಗ್ ಅಂಗಡಿ. ದೀಪಾವಳಿ ಮುಗಿದ ಮೇಲೆ ಒಂದು ತಿಂಗಳು ಬರೋದೆಲ್ಲ ಇಂಥ ಸೀರೆಗಳೇ.

ಕಿರಣ್, ನಿಮ್ಮ ಪಂಚೆ ವಿಷಯ ಆಮೇಲೆ ಹೇಳುತ್ತೀನಿ. ಆದರೆ ಇದನ್ನು ಓದುವ ಬೇರೆಯವರಿಗಾಗಿ ಈಗಲೇ ಹೇಳಿಬಿಡುತ್ತೀನಿ, ರೇಷ್ಮೆಗೆ ಬ್ಲೀಚಿಂಗ್ ಪೌಡರ್ ತೋರಿಸಲೂ ಬೇಡಿ. ಮೊದಲು ಹಳದಿಯಾಗುತ್ತೆ, ಆಮೇಲೆ ಎಳೆಯೇ ಕರಗಿ ಬಟ್ಟೆ ಸವೆದು ತೂತಾಗುತ್ತೆ. ಕಲೆ ಇದ್ದರೂ ಸೀರೆ ಉಡಬಹುದು, ತೂತಾದರೆ ಏನು ಮಾಡೋದು.

ಮೊದಲ ಕೆಲಸ, ಒಣ ಪುಡಿಯನ್ನು ಒಣಗಿದ್ದಂತೆಯೇ ತೆಗೆಯೋದು. ಕೈಯಿಂದ ಒರೆಸಬೇಡಿ, ಒರೆಸಿದರೆ ಪುಡಿ ನೇಯ್ಗೆಯ ಸಂದಿಗೆ ಇಳಿಯುತ್ತೆ. ಇಬ್ಬರು ಸೇರಿ ನೆರಿಗೆ ಬಿಡಿಸಿ, ಕಲೆ ಇರುವ ಮುಖ ಕೆಳಗೆ ಬರುವ ಹಾಗೆ ಬಿಗಿಯಾಗಿ ಹಿಡಿಯಿರಿ. ಹಿಂಬದಿಯಿಂದ ಬೆರಳಲ್ಲಿ ಟಕ್ ಟಕ್ ಅಂತ ತಟ್ಟಿ. ಕೆಳಗೆ ಹಳೇ ಪೇಪರ್ ಹಾಸಿ, ಎಷ್ಟು ಉದುರಿತು ಅಂತ ಕಾಣುತ್ತೆ. ಉದುರೋದು ನಿಂತ ಮೇಲೆ ಹೊಸ ಪೇಂಟಿಂಗ್ ಬ್ರಷ್ ತಗೊಂಡು, ಒಣಗಿದ್ದು, ಮೆತ್ತಗಿನದು, ಒಂದೇ ದಿಕ್ಕಿಗೆ ಹಗುರವಾಗಿ ಎಳೆಯಿರಿ. ಸೆಲ್ಲೋ ಟೇಪ್ ಅಂಟಿಸಿ ಕೀಳೋದು ಬೇಡ, ರೇಷ್ಮೆ ಎಳೆ ಎದ್ದುಬಿಡುತ್ತೆ. ಇಷ್ಟರಲ್ಲೇ ಮುಕ್ಕಾಲು ಭಾಗ ಹೋಗುತ್ತೆ.

ಆಮೇಲೆ ಒಂದು ಪ್ರಶ್ನೆ. ಅದೇ ಕುಂಕುಮ ಸ್ವಲ್ಪ ನಿಮ್ಮ ಹತ್ತಿರ ಇದೆಯಾ? ಪೇಪರ್ ಮೇಲೆ ಉದುರಿದ್ದೇ ಆದರೂ ಸಾಕು, ಅದನ್ನು ಎಸೆಯಬೇಡಿ.

ವೀಣಾ_ಹಾಸನ
ಸರ್, ತುಂಬಾ ಥ್ಯಾಂಕ್ಸ್. ತಟ್ಟಿದ್ದೀವಿ, ಪೇಪರ್ ಮೇಲೆ ಒಂದು ಚಮಚದಷ್ಟು ಬಿತ್ತು! ಇಷ್ಟೆಲ್ಲಾ ಒಳಗಿತ್ತು ಅಂತ ಗೊತ್ತೇ ಆಗಿರಲಿಲ್ಲ. ಈಗ ಸೀರೆ ಮೇಲೆ ಪುಡಿ ಇಲ್ಲ, ಆದರೆ ಕೆಂಪು ಛಾಯೆ ಇದೆ. ನೆರಿಗೆಯ ಮಡಿಕೆ ಇದ್ದ ಕಡೆ ಗೆರೆ ಎಳೆದ ಹಾಗೆ ಗಾಢವಾಗಿದೆ. ಅಲ್ಲಿ ಬಹುಶಃ ಬೆವರು ತಾಗಿತ್ತು.

ರಮ್ಯ_ಸಕಲೇಶಪುರ
ಗೌರಮ್ಮನವರು ಹೇಳಿದ ನಿಂಬೆಹಣ್ಣು ತಪ್ಪಾ ಹಾಗಾದರೆ? ನಮ್ಮ ಅತ್ತೆಯೂ ಅದನ್ನೇ ಮಾಡೋದು. ಒಂದು ಸಲ ನಾನು ಕುಂಕುಮದ ಕಲೆಗೆ ಸೋಪು ಹಚ್ಚಿದಾಗ ಅದು ಇನ್ನೂ ಕೆಂಪಾಯ್ತು. ಆಗ ಅತ್ತೆ ಬಂದು ನಿಂಬೆರಸ ಹಾಕಿದರು, ಕಣ್ಣೆದುರೇ ಹಳದಿಯಾಯ್ತು. ಅದು ಹೇಗೆ ಅಂತ ಇವತ್ತಿಗೂ ಗೊತ್ತಾಗಿಲ್ಲ.

ಪ್ರಕಾಶ್_ಚಿಕ್ಕಮಗಳೂರು
ರಮ್ಯ ಅವರೇ, ನಿಮ್ಮ ಅತ್ತೆಯವರದ್ದು ತಪ್ಪಲ್ಲ. ಗೌರಮ್ಮನವರದ್ದೂ ಅರ್ಧ ಸರಿ. ಆದರೆ ಎಲ್ಲ ಕುಂಕುಮಕ್ಕೂ ಆಗಲ್ಲ.

ಹಿಂದಿನವರು ಮನೆಯಲ್ಲಿ ಕುಂಕುಮ ಮಾಡುತ್ತಿದ್ದದ್ದು ಅರಿಶಿನಕ್ಕೆ ಸುಣ್ಣ ಸೇರಿಸಿ. ಬಿಳಿಗಾರ, ನಿಂಬೆರಸ ಎಲ್ಲ ಹಾಕುವ ಬೇರೆ ಬೇರೆ ಪದ್ಧತಿಯೂ ಇದೆ. ಅರಿಶಿನದ ಬಣ್ಣ ಸುಣ್ಣದಂಥ ಕ್ಷಾರ ತಾಗಿದರೆ ಕೆಂಪು, ಹುಳಿ ತಾಗಿದರೆ ಮತ್ತೆ ಹಳದಿ. ಬಟ್ಟೆ ಸೋಪು, ಸೋಪಿನ ಪುಡಿ ಕೂಡ ಕ್ಷಾರವೇ. ಅದಕ್ಕೇ ನಿಮ್ಮ ಬಟ್ಟೆ ಸೋಪಿಗೆ ಕೆಂಪಾಗಿ ನಿಂಬೆಗೆ ಹಳದಿಯಾಯ್ತು. ಆದರೆ ಗಮನಿಸಿ, ಹಳದಿಯಾಯ್ತು ಅಂದರೆ ಹೋಯ್ತು ಅಂತಲ್ಲ. ಬಣ್ಣ ಅಲ್ಲೇ ಇದೆ, ಕಣ್ಣಿಗೆ ಕಮ್ಮಿ ಕಾಣುತ್ತೆ ಅಷ್ಟೆ. ಅದನ್ನು ನಿಜವಾಗಿ ಅಳಿಸೋದು ಬಿಸಿಲು. ಅರಿಶಿನ ಬಿಸಿಲು ತಡೆಯಲ್ಲ, ಕ್ರಮೇಣ ಮಾಸಿಹೋಗುತ್ತೆ. ಬಿಳಿ ಕಾಟನ್‌ಗೆ ಇದು ಬಹಳ ಒಳ್ಳೆಯ ದಾರಿ. ಬಣ್ಣದ ರೇಷ್ಮೆಗೆ ಅಲ್ಲ, ಅರಿಶಿನದ ಜೊತೆ ಸೀರೆಯ ಹಸಿರೂ ಬಿಸಿಲಿಗೆ ಬಾಡುತ್ತೆ.

ಇನ್ನು ಅಂಗಡಿ ಕುಂಕುಮದಲ್ಲಿ ಎಷ್ಟೋ ಸಲ ಅರಿಶಿನವೇ ಇರಲ್ಲ. ಹಿಟ್ಟು ಅಥವಾ ಕಲ್ಲಿನ ಪುಡಿಗೆ ಕೆಂಪು, ಗುಲಾಬಿ ಡೈ ಹಾಕಿರುತ್ತಾರೆ. ಆ ಡೈಗೆ ನಿಂಬೆಹಣ್ಣು ಏನೂ ಮಾಡಲ್ಲ. ನೀರು ತಾಗಿದರೆ ಸಾಕು ಪಿಂಕ್ ಬಣ್ಣ ಸುತ್ತ ಹರಡುತ್ತೆ. ಈ ಥರದ ಡೈಗಳು ಹತ್ತಿಗಿಂತ ರೇಷ್ಮೆಯನ್ನು ಗಟ್ಟಿಯಾಗಿ ಹಿಡಿಯುತ್ತವೆ. ಒಂದೇ ಕುಂಕುಮ ಬಿದ್ದರೂ ರವಿಕೆ ಒಗೆತಕ್ಕೆ ಬಿಳಿಯಾಗಿ ಸೀರೆ ಪಿಂಕ್ ಆಗೇ ಉಳಿಯೋದು ಇದಕ್ಕೇ.

ಹಾಗಾಗಿ ಯಾವ ಕುಂಕುಮ ಅಂತ ಮೊದಲು ತಿಳ್ಕೊಳ್ಳಬೇಕು. ವೀಣಾ ಅವರೇ, ಎರಡು ಬಿಳಿ ಬಟ್ಟಲು ಇಡಿ. ಎರಡಕ್ಕೂ ಒಂದೊಂದು ಚಿಟಿಕೆ ಕುಂಕುಮ, ಎರಡೆರಡು ಚಮಚ ತಣ್ಣೀರು. ಒಂದನ್ನು ಹಾಗೇ ಬಿಡಿ. ಇನ್ನೊಂದಕ್ಕೆ ನಿಂಬೆರಸ ಹನಿ ಹನಿಯಾಗಿ ಬಿಡಿ. ಸುಣ್ಣ ಜಾಸ್ತಿ ಇದ್ದರೆ ಒಂದೆರಡು ಹನಿ ಸಾಲಲ್ಲ, ಅರ್ಧ ಚಮಚ ಬೇಕಾಗಬಹುದು. ಏನಾಯ್ತು ಅಂತ ಹೇಳಿ.

ಗೌರಮ್ಮ_ಬೇಲೂರು
ಹೌದಪ್ಪ, ನಮ್ಮ ಕಾಲದಲ್ಲಿ ಮನೆಯ ಕುಂಕುಮವೇ. ಈಗಿನದಕ್ಕೆ ಏನು ಹಾಕುತ್ತಾರೋ. ಆದರೆ ನಾನು ಹೇಳಿದ ಉಪ್ಪಿನ ಬಗ್ಗೆ ನೀನು ಏನೂ ಹೇಳಲಿಲ್ಲ, ಅದನ್ನು ಹಾಕಬಹುದಲ್ವಾ? ಉಪ್ಪು ಹಾಕಿದರೆ ಬಣ್ಣ ಬಿಡಲ್ಲ ಅಂತ ನಮ್ಮಮ್ಮ ಹೊಸ ಸೀರೆಯನ್ನೆಲ್ಲ ಉಪ್ಪು ನೀರಲ್ಲಿ ನೆನೆಸುತ್ತಿದ್ದರು.

ಪ್ರಕಾಶ್_ಚಿಕ್ಕಮಗಳೂರು
ಗೌರಮ್ಮನವರೇ, ನೀವೇ ಉತ್ತರ ಹೇಳಿಬಿಟ್ಟಿರಿ ನೋಡಿ. ಹತ್ತಿಗೆ ಬಣ್ಣ ಹಾಕುವವರು ಬಣ್ಣ ಚೆನ್ನಾಗಿ ಹಿಡಿಯಲಿ ಅಂತಲೇ ಉಪ್ಪು ಹಾಕೋದು. ನಮಗೆ ಈಗ ಕುಂಕುಮದ ಬಣ್ಣ ಹಿಡಿಯೋದು ಬೇಡ, ಬಿಡಬೇಕು. ಜೊತೆಗೆ ಉಪ್ಪುನೀರು ಜರಿಯನ್ನು ಕಪ್ಪು ಮಾಡುತ್ತೆ. ಕಂಕುಳ ಹತ್ತಿರ ಬೆವರಿಗೆ ಜರಿ ಕಪ್ಪಾಗಿರೋದನ್ನು ನೀವು ನೋಡೇ ಇರುತ್ತೀರಿ.

ವೀಣಾ_ಹಾಸನ
ಮಾಡಿ ನೋಡಿದೆ ಸರ್. ಬರೀ ನೀರಿನ ಬಟ್ಟಲು ಒಂದು ನಿಮಿಷದಲ್ಲೇ ಗುಲಾಬಿ ಬಣ್ಣಕ್ಕೆ ತಿರುಗಿತು, ಅಡಿಯಲ್ಲಿ ಬಿಳಿ ಪುಡಿ ಕೂತಿದೆ. ನಿಂಬೆರಸ ಹಾಕಿದ ಬಟ್ಟಲಲ್ಲಿ ಸ್ವಲ್ಪ ನೊರೆ ಬಂತು, ಆದರೆ ನೀರು ಪಿಂಕ್ ಆಗೇ ಇದೆ. ಕಿತ್ತಳೆ ಕಡೆಗೆ ಸ್ವಲ್ಪ ತಿರುಗಿರಬಹುದು, ನನಗೆ ಖಾತ್ರಿ ಇಲ್ಲ. ಅಮ್ಮ ಹಳದಿ ಕಾಣುತ್ತೆ ಅಂತಾರೆ, ನನಗೆ ಕಾಣಲ್ಲ.

ಪ್ರಕಾಶ್_ಚಿಕ್ಕಮಗಳೂರು
ನೊರೆ ಬಂದಿದ್ದು ಕಲ್ಲಿನ ಪುಡಿಗೆ. ಮುಖ್ಯವಾಗಿ ಡೈ, ಅರಿಶಿನ ಇದ್ದರೂ ಸ್ವಲ್ಪವೇ. ಹಾಗಾದರೆ ಸೀರೆಗೆ ನೀರಿನಿಂದ ಶುರು ಮಾಡೋದು ಬೇಡ, ಸ್ಪಿರಿಟ್‌ನಿಂದ ಶುರು ಮಾಡಿ. ಈ ಡೈ ಸ್ಪಿರಿಟ್‌ನಲ್ಲೂ ಕರಗುತ್ತೆ, ಅರಿಶಿನವೂ ಕರಗುತ್ತೆ. ಬೇಗ ಆರುವುದರಿಂದ ನೀರಿನಷ್ಟು ದೂರ ಹರಡಲ್ಲ.

ಮೆಡಿಕಲ್ ಶಾಪಲ್ಲಿ ಸರ್ಜಿಕಲ್ ಸ್ಪಿರಿಟ್ ಕೇಳಿ, ಬಣ್ಣ ಇಲ್ಲದ್ದೇ ಬೇಕು. ಸ್ಯಾನಿಟೈಸರ್ ಬೇಡ, ಅದರಲ್ಲಿ ಇರುವ ಅಂಟು, ಗ್ಲಿಸರಿನ್ ಇನ್ನೊಂದು ಕಲೆ ಮಾಡುತ್ತೆ. ದೀಪ, ಒಲೆ, ಊದುಬತ್ತಿ ಯಾವುದೂ ಹತ್ತಿರ ಇರಬಾರದು, ಹಬ್ಬದ ಮನೆ ಅಂತ ಹೇಳ್ತಿದ್ದೀನಿ. ಕಿಟಕಿ ತೆಗೆದಿಡಿ.

ಮೊದಲು ಸೀರೆಯ ಬಣ್ಣ ಗಟ್ಟಿ ಇದೆಯಾ ನೋಡಬೇಕು. ಸೊಂಟಕ್ಕೆ ಸಿಕ್ಕಿಸುವ ಒಳತುದಿ ಇದೆಯಲ್ಲ, ಅದರ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಇಯರ್‌ಬಡ್ ಒತ್ತಿ, ಮೇಲೆ ಬಿಳಿ ಬಟ್ಟೆ ಇಟ್ಟು ಎರಡು ನಿಮಿಷ ಅದುಮಿ ಹಿಡಿಯಿರಿ. ಹಸಿರು ಪರೀಕ್ಷೆ ಬೇರೆ, ಮರೂನ್ ಅಂಚಿನ ಪರೀಕ್ಷೆ ಬೇರೆ. ಎರಡೂ ಮಾಡಿ. ಮರೂನ್ ಬಿಡುವುದು ಜಾಸ್ತಿ. ಬಿಳಿ ಬಟ್ಟೆಗೆ ಸೀರೆಯ ಬಣ್ಣ ಬಂತು ಅಂದರೆ ಅಲ್ಲಿಗೇ ನಿಲ್ಲಿಸಿ, ಮುಂದೆ ಹೋಗಬೇಡಿ.

ಬರಲಿಲ್ಲ ಅಂದರೆ ಹಳೇ ಬಿಳಿ ಪಂಚೆ ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲೆ ಹಾಸಿ. ಸೀರೆಯ ಕಲೆ ಇರುವ ಮುಖ ಪಂಚೆಗೆ ತಾಗುವ ಹಾಗೆ, ಅಂದರೆ ಕೆಳಮುಖವಾಗಿ ಇಡಿ. ಹತ್ತಿ ಉಂಡೆಗೆ ಸ್ಪಿರಿಟ್ ಹಾಕಿ ಹಿಂಡಿ, ತೊಟ್ಟಿಕ್ಕಬಾರದು. ಹಿಂಬದಿಯಿಂದ ಒತ್ತಿ ಒತ್ತಿ ತೆಗೆಯಿರಿ. ತಿಕ್ಕಬೇಡಿ. ಕಲೆಯ ಹೊರ ಅಂಚಿಂದ ಶುರು ಮಾಡಿ ನಡುವಿಗೆ ಬನ್ನಿ. ಬಣ್ಣ ಕೆಳಗಿನ ಪಂಚೆಗೆ ಇಳಿಯುತ್ತೆ. ಇಳಿದ ತಕ್ಷಣ ಪಂಚೆಯ ಚೊಕ್ಕ ಜಾಗಕ್ಕೆ ಸೀರೆ ಸರಿಸಿ. ಬಹಳ ಜನ ಈ ಸರಿಸೋದನ್ನು ಮರೆಯುತ್ತಾರೆ, ಆಗ ಇಳಿದ ಬಣ್ಣವೇ ವಾಪಸ್ ಸೀರೆಗೆ ಏರುತ್ತೆ. ಜರಿ ಇರುವ ಕಡೆ ಹೋಗಬೇಡಿ.

ಪಂಚೆಗೆ ಬಣ್ಣ ಇಳಿಯೋದು ನಿಂತಿತು ಅಂದರೆ ಸ್ಪಿರಿಟ್‌ನ ಕೆಲಸ ಮುಗಿಯಿತು. ಸೀರೆಯಲ್ಲಿ ಇನ್ನೂ ಬಣ್ಣ ಕಾಣುತ್ತಿದ್ದರೂ ನಿಲ್ಲಿಸಿ.

ನಿಂಗೇಗೌಡ_ಅರಸೀಕೆರೆ
ಇಷ್ಟೆಲ್ಲ ಮಾಡೋ ಬದಲು ಡ್ರೈ ವಾಶ್‌ಗೆ ಕೊಡಬಹುದಲ್ವಾ ಅನ್ನಿಸಬಹುದು. ನಾನು ಕೊಟ್ಟಿದ್ದೆ. ಮಗಳ ಮದುವೆಯ ಧಾರೆ ಸೀರೆ, ಕುಂಕುಮದ ಕಲೆ. ಅಂಗಡಿ ಹೆಸರು ಬೇಡ. ಪೆಟ್ರೋಲ್ ವಾಶ್ ಮಾಡಿ ಚೆನ್ನಾಗಿ ಇಸ್ತ್ರಿ ಮಾಡಿ ಕೊಟ್ಟರು. ಕಲೆ ಹಾಗೇ ಇತ್ತು. ಮತ್ತೆ ತಗೊಂಡು ಹೋದರೆ ಈಗ ಹೋಗಲ್ಲ, ಕೂತುಬಿಟ್ಟಿದೆ ಅಂದರು. ದುಡ್ಡು ಮಾತ್ರ ಪೂರ್ತಿ ತಗೊಂಡರು. ಪ್ರಕಾಶಣ್ಣ, ನಿಮ್ಮ ಕಸುಬಿನವರ ಬಗ್ಗೆ ಹೇಳ್ತಿದ್ದೀನಿ ಅಂತ ಬೇಜಾರಾಗಬೇಡಿ.

ಇನ್ನೊಂದು, ನಮ್ಮ ಕಡೆ ಬೋರ್ ನೀರು ಗಡಸು. ಸೋಪು ನೊರೆಯೇ ಬರಲ್ಲ, ರೇಷ್ಮೆ ಮೇಲೆ ಬೂದಿ ಬಳಿದ ಹಾಗೆ ಬಿಳಿ ಪದರ ಕೂರುತ್ತೆ. ಅದಕ್ಕೇನು ಮಾಡೋದು?

ಪ್ರಕಾಶ್_ಚಿಕ್ಕಮಗಳೂರು
ಬೇಜಾರೇನಿಲ್ಲ ನಿಂಗೇಗೌಡರೇ, ನೀವು ಹೇಳಿದ್ದು ನಿಜವಾಗಿ ನಡೆಯುತ್ತೆ. ಪೆಟ್ರೋಲ್ ವಾಶ್ ಎಣ್ಣೆ, ಜಿಡ್ಡು, ಲಿಪ್‌ಸ್ಟಿಕ್‌ನಂಥದ್ದಕ್ಕೆ ಸರಿ. ನೀರಲ್ಲಿ ಕರಗುವ ಡೈಗೆ ಅದರಿಂದ ಏನೂ ಆಗಲ್ಲ. ಅದಕ್ಕೆ ಕಲೆ ಇರುವ ಜಾಗಕ್ಕೆ ಮಾತ್ರ ಕೈಯಲ್ಲಿ ಬೇರೆ ಕೆಲಸ ಮಾಡಬೇಕು. ಅಂಗಡಿಗೆ ಕೊಡುವಾಗ ಸುಮ್ನೆ ಕಲೆ ಇದೆ ಅಂತ ಹೇಳಬೇಡಿ. ಕುಂಕುಮ ಅಂತ ಹೇಳಿ, ಯಾವತ್ತು ಬಿತ್ತು, ಮನೆಯಲ್ಲಿ ಏನೇನು ಹಚ್ಚಿದ್ದೀರಿ ಅಂತಲೂ ಹೇಳಿ. ಕಲೆಯ ಸುತ್ತ ಬಿಳಿ ದಾರದಲ್ಲಿ ಉದ್ದುದ್ದ ಹೊಲಿಗೆ ಹಾಕಿ ಕೊಡಿ. ಆರು ಗಜದ ಸೀರೆಯಲ್ಲಿ ಕಲೆ ಎಲ್ಲಿದೆ ಅಂತ ಹುಡುಕುವವರು ಕಮ್ಮಿ, ದಾರ ಕಂಡರೆ ಕೈ ನಿಲ್ಲುತ್ತೆ. ಕಲೆ ಹೋಗದೆ ಇಸ್ತ್ರಿ ಮಾಡಬೇಡಿ ಅಂತ ಚೀಟಿಯಲ್ಲಿ ಬರೆಸಿ. ಬಿಸಿ ತಾಗಿದ ಮೇಲೆ ಡೈ ಬಿಡಿಸೋದು ಬಹಳ ಕಷ್ಟ, ನಿಮ್ಮ ಸೀರೆಗೆ ಆಗಿದ್ದು ಅದೇ.

ನೀರಿನ ವಿಷಯಕ್ಕೆ, ರೇಷ್ಮೆಗೆ ಮಾತ್ರ ಮಳೆ ನೀರೋ ಫಿಲ್ಟರ್ ನೀರೋ ಬಳಸಿ. ಅಷ್ಟು ನೀರು ಇಲ್ಲ ಅಂದರೆ ಬೋರ್ ನೀರಲ್ಲೇ ಒಗೆದು, ಕೊನೆಯ ಜಾಲಾಡಿಕೆಗಾದರೂ ಒಳ್ಳೆ ನೀರು ಇಟ್ಟುಕೊಳ್ಳಿ. ಸೋಪಿನ ಬದಲು ಅಂಟುವಾಳ ಹಾಕಿದರೆ ಆ ಬಿಳಿ ಪದರವೂ ಕೂರಲ್ಲ.

ವೀಣಾ_ಹಾಸನ
ಅಪ್‌ಡೇಟ್ ಕೊಡ್ತಿದ್ದೀನಿ. ಪರೀಕ್ಷೆಯಲ್ಲಿ ಹಸಿರು ಬಿಡಲಿಲ್ಲ. ಮರೂನ್ ಮಾತ್ರ ಬಿಳಿ ಬಟ್ಟೆಗೆ ಸ್ವಲ್ಪ ತಾಗಿತು. ಹಾಗಾಗಿ ಅಂಚಿನಿಂದ ಎರಡು ಬೆರಳು ದೂರದಲ್ಲೇ ನಿಲ್ಲಿಸಿದೆ. ಹಿಂಬದಿಯಿಂದ ಒತ್ತಿದಾಗ ಪಂಚೆ ಮೇಲೆ ಕೆಂಪು ನಾಣ್ಯದ ಥರ ಗುಂಡಗೆ ಇಳಿಯುತ್ತಾ ಬಂತು. ಮೊದಲು ಗಾಢ ಕೆಂಪು, ಆಮೇಲೆ ಪಿಂಕ್, ಕೊನೆಗೆ ಬರೀ ಒದ್ದೆ. ಅಲ್ಲಿಗೆ ನಿಲ್ಲಿಸಿದೆ. ಸೀರೆಯಲ್ಲಿ ಈಗ ದೂರದಿಂದ ಏನೂ ಕಾಣಲ್ಲ. ಹತ್ತಿರದಿಂದ ನೋಡಿದರೆ ಬೆವರು ತಾಗಿದ್ದ ಗೆರೆ ತಿಳಿ ಗುಲಾಬಿಯಾಗಿ ಇದೆ. ಅಂಚಿನ ಹತ್ತಿರವೂ ಸ್ವಲ್ಪ ಉಳಿದಿದೆ.

ಅಮ್ಮ ಖುಷಿಯಾಗಿದ್ದಾರೆ. ಮುಂದೆ ಏನು ಸರ್?

ಪ್ರಕಾಶ್_ಚಿಕ್ಕಮಗಳೂರು
ಬಹಳ ಚೆನ್ನಾಗಿ ಮಾಡಿದ್ದೀರಿ. ಸ್ಪಿರಿಟ್ ಪೂರ್ತಿ ಆರಲಿ. ಇವತ್ತು ರಾತ್ರಿ ಆರೇಳು ಅಂಟುವಾಳಕಾಯಿ ಬೀಜ ತೆಗೆದು ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ. ಬೆಳಿಗ್ಗೆ ಹಿಸುಕಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಅಂಟುವಾಳ ಸ್ವಲ್ಪ ಹುಳಿ ಗುಣದ್ದು, ಸೋಪಿನ ಹಾಗೆ ಕ್ಷಾರ ಅಲ್ಲ. ಅದಕ್ಕೇ ಉಳಿದ ಅರಿಶಿನ ಇದ್ದರೂ ಕೆಂಪಾಗಲ್ಲ, ರೇಷ್ಮೆಯ ಹೊಳಪೂ ಹೋಗಲ್ಲ. ಬಿಳಿ ರೇಷ್ಮೆ ಆಗಿದ್ದರೆ ಬೇಡ ಅಂತಿದ್ದೆ, ಅಂಟುವಾಳದ ಕಂದು ಬಣ್ಣ ಹಿಡಿಯಬಹುದು. ಹಸಿರಿಗೆ ತೊಂದರೆ ಇಲ್ಲ.

ಮರೂನ್ ಬಣ್ಣ ಬಿಡುತ್ತೆ ಅಂತ ಗೊತ್ತಾಯ್ತಲ್ಲ, ಹಾಗಾಗಿ ಸೀರೆ ಪೂರ್ತಿ ನೆನೆಸಬೇಡಿ. ಕಲೆ ಇದ್ದ ಭಾಗ ಮಾತ್ರ ಬೇಸಿನ್‌ನಲ್ಲಿ ಇಳಿಸಿ, ಅಂಚನ್ನು ಹೊರಗೆ ಎತ್ತಿ ಹಿಡಿಯಿರಿ. ಎರಡು ಮೂರು ನಿಮಿಷ ಅಂಗೈಯಲ್ಲಿ ಅದುಮಿ, ತಣ್ಣೀರಲ್ಲಿ ತೊಳೆಯಿರಿ. ಕೊನೆಯ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬಿಳಿ ವಿನೆಗರ್. ಹಿಂಡಬೇಡಿ, ಟವೆಲ್ ಒಳಗೆ ಸುತ್ತಿ ಒತ್ತಿ. ನೆರಳಲ್ಲಿ ಒಣಗಿಸಿ.

ಆ ಗುಲಾಬಿ ಗೆರೆ ಬಗ್ಗೆ ನೇರವಾಗಿ ಹೇಳುತ್ತೀನಿ. ಬೆವರಿನಲ್ಲಿ ಕರಗಿ ಎಳೆಯೊಳಗೆ ಹೋದ ಡೈ ಅದು. ಇನ್ನೂ ಸ್ವಲ್ಪ ಕಮ್ಮಿಯಾಗಬಹುದು, ಪೂರ್ತಿ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ. ಅದನ್ನೂ ತೆಗೆಯುವ ಪುಡಿ ನಮ್ಮ ಅಂಗಡಿಗಳಲ್ಲಿ ಇದೆ, ಹೈಡ್ರೋಸ್ ಅಂತೀವಿ. ಅದಕ್ಕೆ ಕುಂಕುಮದ ಬಣ್ಣ ಯಾವುದು, ಸೀರೆಯ ಬಣ್ಣ ಯಾವುದು ಅಂತ ಗೊತ್ತಾಗಲ್ಲ, ಎರಡನ್ನೂ ತೆಗೆಯುತ್ತೆ. ಪಿಂಕ್ ಹೋಗಿ ಹಸಿರಿನ ನಡುವೆ ಬಿಳಿ ಮಚ್ಚೆ ಬರುತ್ತೆ. ಯಾರಾದರೂ ಗ್ಯಾರಂಟಿ ತೆಗೆದುಕೊಡ್ತೀನಿ ಅಂದರೆ ಏನು ಹಾಕ್ತೀರಿ ಅಂತ ಕೇಳಿ. ನನ್ನ ಮಾತು ಕೇಳಿದರೆ ಅಲ್ಲಿಗೇ ಬಿಡಿ, ನೆರಿಗೆ ಒಳಗೆ ಹೋಗುವ ಜಾಗ ಅದು.

ರವಿಕೆಗೆ ಇಷ್ಟು ಕಷ್ಟ ಇಲ್ಲ. ಒಣಗಿದ್ದನ್ನು ಕೊಡವಿ, ನಲ್ಲಿ ಕೆಳಗೆ ಹಿಂಬದಿಯಿಂದ ತಣ್ಣೀರು ಬಿಡಿ, ಪಿಂಕ್ ನೀರು ನಿಂತ ಮೇಲೆ ಮಾಮೂಲಿ ಸೋಪು ಹಾಕಿ. ಸೋಪಿಗೆ ಕೆಂಪು ಕಂದು ಬಣ್ಣ ಬಂದರೆ ಗಾಬರಿ ಬೇಡ, ಅದು ಅರಿಶಿನ. ಚೆನ್ನಾಗಿ ಜಾಲಾಡಿಸಿ ಬಿಸಿಲಿಗೆ ಹಾಕಿ.

ಸುಮಾ_ಮೆಹಂದಿ
ನಾನು ಮದುವೆ ಮನೆಗಳಲ್ಲಿ ಮೆಹಂದಿ ಹಾಕುತ್ತೀನಿ, ಹಾಸನ, ಆಲೂರು ಕಡೆಯೆಲ್ಲ ಓಡಾಡುತ್ತೀನಿ. ಲಂಗದ ವಿಷಯ ಯಾರೂ ಮುಟ್ಟಲಿಲ್ಲ ಅಂತ ಬರೆಯುತ್ತಿದ್ದೀನಿ.

ಗೌರಮ್ಮನವರೇ, ದಯವಿಟ್ಟು ಮೆಹಂದಿಗೆ ನಿಂಬೆಹಣ್ಣು ಹೇಳಬೇಡಿ. ಮೆಹಂದಿ ಕಲಸುವಾಗ ನಾವು ನಿಂಬೆರಸ ಹಾಕೋದೇ ಬಣ್ಣ ಚೆನ್ನಾಗಿ ಬಿಡಲಿ, ಹಿಡಿಯಲಿ ಅಂತ. ಕೈ ಮೇಲೆ ಒಣಗುವಾಗ ನಿಂಬೆ ಸಕ್ಕರೆ ಹಚ್ಚೋದೂ ಮೆಹಂದಿ ಉದುರದೆ ಹೆಚ್ಚು ಹೊತ್ತು ಇರಲಿ ಅಂತ. ಅದನ್ನೇ ಲಂಗಕ್ಕೆ ಹಚ್ಚಿದರೆ ಏನಾಗುತ್ತೆ ನೀವೇ ಹೇಳಿ. ಮೆಹಂದಿ ಚರ್ಮ, ಉಗುರು, ಕೂದಲನ್ನು ಹಿಡಿಯುತ್ತೆ. ರೇಷ್ಮೆಯೂ ಹುಳದ ನೂಲು, ಅದನ್ನೂ ಹಾಗೇ ಹಿಡಿಯುತ್ತೆ.

ವೀಣಾ, ಮೆತ್ತಿದ ಮೆಹಂದಿ ಇನ್ನೂ ಗಟ್ಟಿಯಾಗಿ ಅಂಟಿಕೊಂಡಿದೆಯಾ, ಇಲ್ಲ ಉದುರಿ ಕಲೆ ಮಾತ್ರ ಇದೆಯಾ? ಕಲೆ ಯಾವ ಬಣ್ಣಕ್ಕಿದೆ? ಕಿತ್ತಳೆ ಆಗಿದ್ದರೆ ಸ್ವಲ್ಪ ಆಸೆ ಇದೆ. ಕಂದು ಆಗಿದ್ದರೆ ಅದು ಹಣ್ಣಾಗಿಬಿಟ್ಟಿದೆ.

ವೀಣಾ_ಹಾಸನ
ಒಣಗಿದ ತುಣುಕು ಅಲ್ಲಲ್ಲಿ ಇನ್ನೂ ಅಂಟಿಕೊಂಡಿದೆ ಸುಮಾ. ಒಂದನ್ನು ಉಗುರಲ್ಲಿ ಎಬ್ಬಿಸಿ ನೋಡಿದೆ, ಅಡಿಯಲ್ಲಿ ಕಂದು. ಲಂಗ ಹಳದಿ ಬಣ್ಣದ್ದು.

ಸುಮಾ_ಮೆಹಂದಿ
ಹಾಗಾದರೆ ಪೂರ್ತಿ ಹೋಗಲ್ಲ, ಈಗಲೇ ಹೇಳಿಬಿಡುತ್ತೀನಿ. ತುಣುಕುಗಳನ್ನು ಒಣಗಿದ್ದಂತೆಯೇ ಚಮಚದ ಹಿಡಿಯಿಂದ ಎಬ್ಬಿಸಿ. ಒದ್ದೆ ಮಾಡಿದರೆ ಅದರಲ್ಲಿ ಉಳಿದ ಬಣ್ಣ ಮತ್ತೆ ಬಿಡಲು ಶುರುವಾಗುತ್ತೆ. ಆಮೇಲೆ ತಣ್ಣೀರು, ಬಿಸಿ ನೀರು ಖಂಡಿತ ಬೇಡ. ಮೆತ್ತಗಿನ ಲಿಕ್ವಿಡ್ ಸೋಪು ಒಂದೆರಡು ಹನಿ, ಹಿಂಬದಿಯಿಂದ. ಅಷ್ಟಕ್ಕೆ ಎಷ್ಟು ಹೋಗುತ್ತೋ ಅಷ್ಟು.

ಮುಂದೆ ಯಾರಿಗಾದರೂ ಹೀಗಾದರೆ ಒಣಗಲಿ ಅಂತ ಕಾಯಬೇಡಿ. ಕುಂಕುಮಕ್ಕೂ ಮೆಹಂದಿಗೂ ಇರುವ ವ್ಯತ್ಯಾಸ ಅದೇ. ಕುಂಕುಮ ಒಣಗಿದ್ದರೆ ನೀರು ಹಾಕಬಾರದು, ಹಸಿ ಮೆಹಂದಿ ಬಿದ್ದರೆ ಒಂದು ನಿಮಿಷವೂ ಬಿಡಬಾರದು. ಚಮಚದಲ್ಲಿ ಎತ್ತಿ, ಹಿಂಬದಿಯಿಂದ ತಣ್ಣೀರು. ಹತ್ತು ನಿಮಿಷದೊಳಗೆ ಮಾಡಿದರೆ ರೇಷ್ಮೆಯಲ್ಲೂ ತಿಳಿ ಕಿತ್ತಳೆ ಅಷ್ಟೇ ಉಳಿಯೋದು.

ರಮ್ಯ_ಸಕಲೇಶಪುರ
ಮೆಹಂದಿಗೆ ತಣ್ಣನೆ ಹಾಲಲ್ಲಿ ನೆನೆಸಿದರೆ ಹೋಗುತ್ತೆ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನನ್ನ ಕಾಟನ್ ಚೂಡಿದಾರ್‌ಗೆ ಮಾಡಿದ್ದೆ, ಹೋಯ್ತು ಕೂಡ.

ಸುಮಾ_ಮೆಹಂದಿ
ಹಾಲಿನಿಂದ ಹೋಯ್ತೋ, ಅಷ್ಟು ಹೊತ್ತು ನೆನೆಸಿ ತೊಳೆದಿದ್ದರಿಂದ ಹೋಯ್ತೋ ರಮ್ಯ? ಕಾಟನ್‌ನಲ್ಲಿ ಮೆಹಂದಿ ಅಷ್ಟು ಗಟ್ಟಿ ಹಿಡಿಯಲ್ಲ, ಬರೀ ನೀರಿಗೂ ಬಿಟ್ಟಿರಬಹುದು. ರೇಷ್ಮೆಗೆ ಹಾಲು ಹಾಕಿ ನಾನು ಫಲ ಕಂಡಿಲ್ಲ, ವಾಸನೆ ಮಾತ್ರ ಉಳಿಯುತ್ತೆ.

ರಮ್ಯ_ಸಕಲೇಶಪುರ
ಇಲ್ಲ, ಮೊದಲು ಸೋಪಲ್ಲಿ ಒಗೆದಿದ್ದೆ, ಹೋಗಿರಲಿಲ್ಲ. ಹಾಲಾದ ಮೇಲೇ ಹೋಗಿದ್ದು. ನಾನಂತೂ ಹಾಲೇ ಅಂತೀನಿ.

ಪ್ರಕಾಶ್_ಚಿಕ್ಕಮಗಳೂರು
ಹಾಲಿನ ವಿಷಯದಲ್ಲಿ ನನಗೂ ಸುಮಾ ಅವರ ಅನುಮಾನವೇ. ಆದರೆ ಕಾಟನ್‌ಗೆ ಹಾನಿ ಇಲ್ಲ, ಮಾಡುವವರು ಮಾಡಲಿ.

ಕಾಟನ್ ಬಿಳಿ ಅಥವಾ ಕೆನೆ ಬಣ್ಣದ್ದಾದರೆ ಮೆಹಂದಿಗೆ ಹೈಡ್ರೋಜನ್ ಪೆರಾಕ್ಸೈಡ್ ನಂಬಬಹುದು. ಮೆಡಿಕಲ್ ಶಾಪಲ್ಲಿ ಸಾಮಾನ್ಯವಾಗಿ ಸಿಗೋದು 6%, ಬಾಟಲಿ ಮೇಲೆ ನೋಡಿ. ಅಷ್ಟೇ ನೀರು ಬೆರೆಸಿದರೆ 3% ಆಗುತ್ತೆ. ಕಲೆ ಮೇಲೆ ಹನಿ ಬಿಟ್ಟು ಹದಿನೈದು ನಿಮಿಷ ನೋಡಿ, ತೊಳೆದು, ಬೇಕಾದರೆ ಮತ್ತೊಮ್ಮೆ. ಬಣ್ಣದ ಬಟ್ಟೆಗೆ ಬೇಡ. ವೀಣಾ ಅವರ ಹಳದಿ ಲಂಗಕ್ಕಂತೂ ಬೇಡವೇ ಬೇಡ, ಕಂದು ಮಚ್ಚೆ ಬದಲು ಬಿಳಿ ಮಚ್ಚೆ ಬರುತ್ತೆ.

ಗೌರಮ್ಮ_ಬೇಲೂರು
ಲಂಗದ ಕಲೆ ಇದ್ದ ಕಡೆ ಒಂದು ಕಸೂತಿ ಹೂವು ಹಾಕಿಸಿಬಿಡು ವೀಣಾ. ಮಗುವಿನ ಲಂಗ, ಚೆನ್ನಾಗಿ ಕಾಣುತ್ತೆ. ಸುಮಾ, ನಿಂಬೆಹಣ್ಣಿನ ವಿಷಯ ನೀನು ಹೇಳಿದ್ದು ಸರಿ ಇರಬಹುದು ಕಣಮ್ಮ. ಅರಿಶಿನಕ್ಕೆ ಮಾತ್ರ ನಾನು ಬಿಡಲ್ಲ.

ಕಿರಣ್_ಮೂಡಿಗೆರೆ
ನನ್ನ ಪಂಚೆ ಕೇಳುವವರೇ ಇಲ್ಲವಲ್ಲ. ಬ್ಲೀಚಿಂಗ್ ಹಾಕಬಹುದಾ ಬೇಡ್ವಾ? ಅಂಚಲ್ಲಿ ಹಸಿರು ಗೆರೆ ಬೇರೆ ಇದೆ.

ಪ್ರಕಾಶ್_ಚಿಕ್ಕಮಗಳೂರು
ಹಸಿರು ಗೆರೆ ಇದ್ದ ಮೇಲೆ ಬ್ಲೀಚಿಂಗ್ ಬೇಡ ಕಿರಣ್, ಅದು ಬೆಳ್ಳಗಾಗುತ್ತೆ. ಒಣಗಿದ್ದಂತೆ ಅಂಗಳದಲ್ಲಿ ಚೆನ್ನಾಗಿ ಕೊಡವಿ. ಬಕೆಟ್‌ನಲ್ಲಿ ನೆನೆಸಬೇಡಿ. ನೆನೆಸಿದರೆ ಒಂದು ಮೂಲೆಯ ನೇರಳೆ ಬಣ್ಣ ಪಂಚೆ ಪೂರ್ತಿ ಹಬ್ಬುತ್ತೆ. ಹರಿಯುವ ತಣ್ಣೀರಿಗೆ ಹಿಡಿಯಿರಿ, ಬಣ್ಣ ಬಿದ್ದಿರುವ ಭಾಗ ಕೆಳಗೆ ಇರಲಿ, ಚೊಕ್ಕ ಭಾಗವನ್ನು ಮೇಲೆ ಎತ್ತಿ ಹಿಡಿಯಿರಿ. ನೀರು ತಿಳಿಯಾಗುವವರೆಗೂ ಬಿಡಿ. ಆಮೇಲೆ ಸೋಪಿನ ಪುಡಿ. ಹತ್ತಿ ಆಗಿರೋದರಿಂದ ಬಹುಪಾಲು ಹೋಗುತ್ತೆ. ಇನ್ನೂ ಉಳಿದರೆ ಮೇಲೆ ಹೇಳಿದ ಪೆರಾಕ್ಸೈಡ್ ಬಿಳಿ ಭಾಗಕ್ಕೆ ಮಾತ್ರ, ಗೆರೆಯಿಂದ ದೂರ.

ವಾಷಿಂಗ್ ಮೆಷಿನ್‌ಗೆ ಹಾಕೋದಾದರೆ ಒಂಟಿಯಾಗಿ ಹಾಕಿ. ಒಣಗಿಸುವ ಮುಂಚೆ, ಒದ್ದೆ ಇರುವಾಗಲೇ ಬೆಳಕಿಗೆ ಹಿಡಿದು ನೋಡಿ. ಕಲೆ ಕಂಡರೆ ಆಗಲೇ ಮತ್ತೆ ತೊಳೆಯಿರಿ, ಇಸ್ತ್ರಿ ಆದ ಮೇಲೆ ಅಲ್ಲ.

ನಿಂಗೇಗೌಡ_ಅರಸೀಕೆರೆ
ಪ್ರಕಾಶಣ್ಣ, ನನ್ನ ಮಗಳ ಧಾರೆ ಸೀರೆ, ಇಸ್ತ್ರಿ ಆಗಿ ವರ್ಷಗಟ್ಟಲೆ ಆಗಿದೆ. ಅದಕ್ಕೆ ಈಗ ಸ್ಪಿರಿಟ್ ಒತ್ತಿದರೆ ಏನಾದರೂ ಬರುತ್ತಾ? ಸೀರೆ ಬಿಳಿ, ಕೆಂಪು ಅಂಚು.

ಪ್ರಕಾಶ್_ಚಿಕ್ಕಮಗಳೂರು
ಒಳತುದಿಯಲ್ಲಿ ಪರೀಕ್ಷೆ ಮಾಡಿ, ಕೆಂಪು ಅಂಚು ಬಿಡದಿದ್ದರೆ ಕಲೆಯ ಒಂದು ಮೂಲೆಗೆ ಮಾತ್ರ ಒತ್ತಿ ನೋಡಿ. ಕೆಳಗಿನ ಬಟ್ಟೆಗೆ ಸ್ವಲ್ಪವಾದರೂ ಪಿಂಕ್ ಇಳಿದರೆ ಮುಂದುವರಿಸಿ. ಏನೂ ಇಳಿಯದಿದ್ದರೆ ನಿಲ್ಲಿಸಿ, ಸೀರೆಯನ್ನು ನನ್ನಂಥ ಯಾರಿಗಾದರೂ ತೋರಿಸಿ. ಬಿಳಿ ರೇಷ್ಮೆ ಆಗಿರೋದರಿಂದ ಬಣ್ಣ ತೆಗೆಯುವ ಕೆಲಸಕ್ಕೆ ಅವಕಾಶ ಇದೆ, ಆದರೆ ಕಲೆ ಅಂಚಿಂದ ಎಷ್ಟು ದೂರ ಇದೆ ಅಂತ ನೋಡದೆ ನಾನು ಹೂಂ ಅನ್ನಲ್ಲ. ಒಂದು ಫೋಟೋ ಹಾಕಿ, ಹಗಲು ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ.